ಸಿಹಿ ಡಬ್ಬಿ ಇಲ್ಲದ ಶುಭಾಶಯ: ನನ್ನ ಅನುಭವ

ನಮ್ಮ ಮನೆತನದಲ್ಲಿ ಹುಟ್ಟುಹಬ್ಬ, ನಿವೃತ್ತಿ, ಹೊಸ ವರ್ಷ ಅಂತ ಯಾರನ್ನಾದರೂ ಹೋಗಿ ಹಾರೈಸಬೇಕಾದರೆ ಆ ಜವಾಬ್ದಾರಿ ನನ್ನದೇ. ಬಳಗದಲ್ಲಿ ಸಕ್ಕರೆ ಕಾಯಿಲೆ ಇರುವವರು ಈಗ ಅರ್ಧಕ್ಕರ್ಧ. ಉಪವಾಸ ಮಾಡುವವರು ಬೇರೆ. "ತಿನ್ನೋಕೆ ಏನೂ ಒಯ್ಯದೆ ಹೋದ್ರೆ ಚೆನ್ನಾಗಿರುತ್ತಾ?" ಎಂದು ಅಕ್ಕ ಮೂರ್ನಾಲ್ಕು ವರ್ಷ ತಕರಾರು ಮಾಡಿದಳು. ಈಗ ಅವಳೇ ನನ್ನ ದಾರಿ ಹಿಡಿದಿದ್ದಾಳೆ. ಹಾಗಾಗಿ ಬರೆಯೋಣ ಅನ್ನಿಸಿತು.

ಮೊದಲು ದುಡ್ಡು ಹಾಳಾದ ಕಥೆ. ಎಲ್ಲರಂತೆ ನಾನೂ ಶುಗರ್ ಫ್ರೀ ಡಬ್ಬಿಯಿಂದ ಶುರು ಮಾಡಿದೆ. ಮಾಮೂಲಿ ಡಬ್ಬಿಗಿಂತ ಸುಮಾರು ಒಂದೂವರೆ ಪಟ್ಟು ಬೆಲೆ. ಸಕ್ಕರೆ ಹಾಕಿಲ್ಲ ಅನ್ನೋದು ನಿಜ, ಆದರೆ ಹಿಟ್ಟು, ಹಾಲಿನ ಪುಡಿ, ಕೊಬ್ಬು ಎಲ್ಲಾ ಇದ್ದೇ ಇರುತ್ತದೆ. ಹಿಟ್ಟೂ ರಕ್ತದಲ್ಲಿ ಸಕ್ಕರೆಯೇ ಆಗೋದು. ಕೆಲವದರಲ್ಲಿ ಸಕ್ಕರೆ ಬದಲಿಗೆ ಮಾಲ್ಟಿಟಾಲ್ ಎಂಬ ಸಿಹಿ ಪದಾರ್ಥ ಹಾಕಿರುತ್ತಾರೆ. ಅದೂ ಸಕ್ಕರೆಯನ್ನು ಸ್ವಲ್ಪ ಏರಿಸುತ್ತದೆ, ಜಾಸ್ತಿ ತಿಂದರೆ ಹೊಟ್ಟೆ ಉಬ್ಬರ. ಆಮೇಲೆ ಒಣ ಹಣ್ಣಿನ ಬುಟ್ಟಿ ಒಯ್ದೆ. ನೀರು ಹೋದ ಹಣ್ಣಿನಲ್ಲಿ ಸಕ್ಕರೆ ಒತ್ತಾಗಿ ಉಳಿದಿರುತ್ತದೆ, ಒಂದು ಹಿಡಿ ತಿಂದರೆ ಲೆಕ್ಕ ತಪ್ಪಿತು. ಎಲ್ಲಕ್ಕಿಂತ ಕೆಟ್ಟದ್ದು ಏನೆಂದರೆ, ಡಬ್ಬಿ ಯಾವುದೇ ಇರಲಿ, ಕೊಟ್ಟ ತಕ್ಷಣ ಮಾತು ಕಾಯಿಲೆ ಕಡೆ ತಿರುಗುತ್ತಿತ್ತು. "ಇದು ನೀವು ತಿನ್ನಬಹುದು" ಅಂದರೆ ಮುಗಿಯಿತು. ಮುಂದಿನ ಅರ್ಧ ಗಂಟೆ ಶುಗರ್ ಎಷ್ಟು, ಮಾತ್ರೆ ಯಾವುದು ಅನ್ನೋದೇ ಮಾತು. ಹುಟ್ಟುಹಬ್ಬ ಎಲ್ಲಿ ಹೋಯಿತೋ.

ಡಬ್ಬಿ ಬಿಟ್ಟು ಬರಿಗೈಲಿ ಹೋಗಿ ನೋಡಿದೆ. ಅದೂ ಸರಿಹೋಗಲಿಲ್ಲ. ಬಾಗಿಲಲ್ಲಿ ನಿಂತು ಕೈ ಎಲ್ಲಿಡಬೇಕೋ ತಿಳಿಯದು, ಒಳಗೆ ಕೂತರೆ ಮಾಡಲು ಏನೂ ಇಲ್ಲ, ಎದ್ದು ಹೊರಡುವುದು ಯಾವಾಗ ಅಂತಲೂ ಗೊತ್ತಾಗದು. ಆಗ ಹೊಳೆಯಿತು. ಸಿಹಿ ಅಲ್ಲಿ ರುಚಿಗಷ್ಟೇ ಇರಲಿಲ್ಲ. ಬಂದಾಗ ಕೈಗೆ ಕೊಡುವ ವಸ್ತು ಅದೇ, ಕೂತಾಗ ಸೇರಿ ಮಾಡುವ ಕೆಲಸ ಅದೇ, ತಿಂದು ಮುಗಿಸಿದರೆ ಹೊರಡುವ ಸೂಚನೆಯೂ ಅದೇ. ಈ ಮೂರನ್ನೂ ಬೇರೆ ಯಾವುದರಿಂದಲಾದರೂ ತುಂಬದಿದ್ದರೆ ಭೇಟಿ ಸಪ್ಪೆಯಾಗುತ್ತದೆ.

ದೊಡ್ಡಪ್ಪನ ಎಪ್ಪತ್ತನೆಯ ಹುಟ್ಟುಹಬ್ಬದಲ್ಲಿ ಇದು ಸರಿಯಾಗಿ ಕೂಡಿಬಂತು. ಅವರಿಗೆ ಊಟಕ್ಕೆ ಮುಂಚೆ ಇನ್ಸುಲಿನ್ ಇದೆ. ಮನೆತನದ ಹಳೆಯ ಗುಂಪು ಫೋಟೋ ಒಂದನ್ನು ಎ4 ಅಳತೆಗೆ ದೊಡ್ಡದು ಮಾಡಿಸಿದೆ. ಕೆಳಗೆ ನಾಲ್ಕು ಬೆರಳಷ್ಟು ಖಾಲಿ ಜಾಗ ಬಿಡಿಸಿದೆ. ಜೊತೆಗೆ ಒಂದು ದಪ್ಪ ಪೆನ್. "ದೊಡ್ಡಪ್ಪ, ಇದರಲ್ಲಿ ಅರ್ಧ ಜನರ ಹೆಸರು ನಮಗ್ಯಾರಿಗೂ ಗೊತ್ತಿಲ್ಲ. ನೀವೇ ಬರೆದುಕೊಡಬೇಕು" ಎಂದು ಕೊಟ್ಟೆ. ಅವರು ಕನ್ನಡಕ ಹುಡುಕಿದರು. ಎರಡನೇ ಸಾಲಿನ ಹುಡುಗ ಯಾರು ಎಂದು ದೊಡ್ಡಮ್ಮನ ಜೊತೆ ಜಗಳವೇ ಆಯಿತು. ಸುಮಾರು ಮುಕ್ಕಾಲು ಗಂಟೆ ಕಳೆದದ್ದೇ ಗೊತ್ತಾಗಲಿಲ್ಲ. ಕೊನೆಯ ಹೆಸರು ಬರೆದಾಗ ಹೊರಡುವ ಹೊತ್ತೂ ತಾನಾಗೇ ಬಂತು. ಖರ್ಚು ಶುಗರ್ ಫ್ರೀ ಡಬ್ಬಿಯ ಕಾಲು ಭಾಗವೂ ಇಲ್ಲ.

ಚಿಕ್ಕ ವಿಷಯಗಳೇ ಇಲ್ಲಿ ಕೈಕೊಡೋದು. ಅಂಗೈ ಅಗಲದ ಪ್ರಿಂಟ್ ಬೇಡ. ಸಕ್ಕರೆ ಕಾಯಿಲೆ ಹಳೆಯದಾದರೆ ಎಷ್ಟೋ ಜನರಿಗೆ ಕಣ್ಣಿಗೂ ತೊಂದರೆ ಇರುತ್ತದೆ. ಮುಖ ಕಾಣದೆ ಅವರು ಸುಮ್ಮನೆ ತಲೆಯಾಡಿಸಿ ಪಕ್ಕಕ್ಕಿಟ್ಟರೆ, ಫೋಟೋ ಚಿಕ್ಕದಾಯಿತು ಎಂದೇ ಅರ್ಥ. ಫೋಟೋದಲ್ಲಿ ತೀರಿಹೋದವರೇ ಜಾಸ್ತಿ ಇದ್ದರೆ ಬೇರೆಯದನ್ನು ಹುಡುಕಿ. ನಮ್ಮ ಅತ್ತೆಯ ಮನೆಯಲ್ಲಿ ಹಾರೈಕೆ ಹೋಗಿ ಅಳುವೇ ಆಗಿಬಿಟ್ಟಿತ್ತು. ಫೋಟೋದ ಹಿಂದೆ ನಾನೊಂದು ಸಾಲು ಬರೆಯುತ್ತೇನೆ. ಏನು ಬರೆಯುತ್ತೇನೆ ಅಂತ ಮಾತ್ರ ಕೇಳಬೇಡಿ.

ಇನ್ನು ಹೊತ್ತಿನ ಲೆಕ್ಕ. ಇದನ್ನು ಬಹಳ ಜನ ಗಮನಿಸುವುದೇ ಇಲ್ಲ. ಬೇಗ ಕೆಲಸ ಮಾಡುವ ಇನ್ಸುಲಿನ್ ತೆಗೆದುಕೊಂಡವರು ಹೆಚ್ಚುಕಡಿಮೆ ಕಾಲು ಗಂಟೆಯೊಳಗೆ ಊಟಕ್ಕೆ ಕೂರಬೇಕು. ಒಮ್ಮೆ ಬಳಗವೆಲ್ಲ ಸರಿಯಾಗಿ ಆ ಹೊತ್ತಿಗೇ ನುಗ್ಗಿತ್ತು. ಹಾಡು, ಭಾಷಣ, ಫೋಟೋ. ದೊಡ್ಡಪ್ಪ ಮರ್ಯಾದೆಗೆ ಎದ್ದು ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಹಣೆ ಬೆವರಿತು, ಕೈ ನಡುಗಿತು, ಯಾರೋ ಕೇಳಿದ್ದಕ್ಕೆ ಸಿಡುಕಿದರು. ಶುಗರ್ ಇಳಿದಿದೆ ಎಂದು ದೊಡ್ಡಮ್ಮನಿಗೆ ಕೂಡಲೇ ತಿಳಿಯಿತು. ನೋಡಿದರೆ 60ರ ಆಸುಪಾಸು. 70ಕ್ಕಿಂತ ಕೆಳಗೆ ಹೋದರೆ ಕಾಯುವಂತಿಲ್ಲ. ಸುಮಾರು 15 ಗ್ರಾಂ ಸಕ್ಕರೆ, ಅಂದರೆ ಮೂರ್ನಾಲ್ಕು ಟೀ ಚಮಚ, ನೀರಲ್ಲಿ ಕರಗಿಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿದರು. ಏರಿತ್ತು, ಊಟಕ್ಕೆ ಕೂರಿಸಿದರು. ಎಚ್ಚರ ಇದ್ದು ನುಂಗಲು ಆಗುವವರಿಗೆ ಮಾತ್ರ ಇದು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಂಬುಲೆನ್ಸ್ ಕರೆಯಬೇಕು. "ಶುಗರ್ ಇರೋರಿಗೆ ಸಕ್ಕರೆನಾ?" ಎಂದು ಒಬ್ಬ ನಕ್ಕ. ಆ ಹೊತ್ತಿಗೆ ಅದೇ ಔಷಧಿ ಕಣಯ್ಯ. ಅಂದಿನಿಂದ ಊಟದ ಹೊತ್ತು ಕೇಳಿಕೊಂಡು, ಅದಕ್ಕಿಂತ ಒಂದೂವರೆ ಗಂಟೆ ಮುಂಚೆ ಹೋಗಿ, ಅರ್ಧ ಗಂಟೆ ಉಳಿದಿರುವಾಗಲೇ ಏಳುತ್ತೇನೆ.

ಉಪವಾಸದವರಿಗೂ ಇದೇ ಮೂರು ತುಂಬುವ ಲೆಕ್ಕ, ಆದರೆ ಅಳತೆ ಬೇರೆ. ನೀರೂ ಕುಡಿಯದವರಿಗೆ ಮಧ್ಯಾಹ್ನದ ಮೇಲೆ ಗಂಟಲು ಒಣಗಿರುತ್ತದೆ, ಅವರಿಂದ ಹೆಸರು ಹೇಳಿಸುತ್ತಾ ಕೂರುವಂತಿಲ್ಲ. ಬೆಳಗ್ಗೆಯೇ ಹೋಗಿ, ಫೋಟೋದ ಹಿಂದೆ ಬರೆದದ್ದನ್ನು ನಾನೇ ಓದಿ ಹೇಳುತ್ತೇನೆ. ಅವರು ಕೇಳಿದರೆ ಸಾಕು. ದೂರದವರಿಗೆ ಧ್ವನಿ ಸಂದೇಶ. ಮೂರು ನಿಮಿಷದ್ದು ಕಳಿಸಿ ನೋಡಿದ್ದೆ, ಯಾರೂ ಪೂರ್ತಿ ಕೇಳಲಿಲ್ಲ. ಒಂದು ನಿಮಿಷದೊಳಗೆ ಮುಗಿಸಿದರೆ ಉತ್ತರ ಬರುತ್ತದೆ. ಉಪವಾಸ ಬಿಡುವ ಹೊತ್ತಿಗೆ ಫೋನ್ ಮಾಡಲೇಬಾರದು. ಮೊದಲ ಗುಟುಕು ನೀರಿಗೂ ಅಡ್ಡ ಬಂದಂತಾಗುತ್ತದೆ. ಬಳಗದಲ್ಲಿ ಒಬ್ಬರು ಉಪವಾಸ ಮಾಡದಿದ್ದರೆ ಯಾಕೆ ಅಂತ ಕೇಳುವುದೂ ಬೇಡ, ಮಾತ್ರೆಯ ಕಾರಣಕ್ಕೇ ಬಿಟ್ಟಿರಬಹುದು.

ನಡುವೆ ಬೇರೆ ಪ್ರಯೋಗಗಳೂ ಆದವು. ಹೂಕುಂಡ ಕೊಟ್ಟೆ. ನೋಡಿಕೊಳ್ಳುವ ಹೊರೆ ಅವರ ಮೇಲೆ ಬಿತ್ತು, ಎರಡು ತಿಂಗಳಲ್ಲಿ ಒಣಗಿತು. ಕಾಲುಚೀಲ ಕೊಟ್ಟೆ. ಬಿಗಿಯಾದ ಅಂಚು ಇದ್ದರೆ ಸಕ್ಕರೆ ಕಾಯಿಲೆಯ ಕಾಲಿಗೆ ಒಳ್ಳೆಯದಲ್ಲ ಎಂದು ಅವರ ಡಾಕ್ಟರೇ ತೆಗೆಸಿದರು. ಶುಗರ್ ನೋಡುವ ಮಷಿನ್ ಕೊಡೋಣ ಎಂದವನೊಬ್ಬನಿದ್ದ. ಹುಟ್ಟುಹಬ್ಬಕ್ಕೆ ಕಾಯಿಲೆಯನ್ನೇ ಕಟ್ಟಿಕೊಟ್ಟ ಹಾಗೆ, ಅಲ್ವಾ?

ಮಕ್ಕಳ ವಿಷಯದಲ್ಲಿ ಮಾತ್ರ ನನ್ನ ದಾರಿ ನಡೆಯುವುದಿಲ್ಲ. ಟೈಪ್ 1 ಸಕ್ಕರೆ ಕಾಯಿಲೆ ಇರುವ ಮಗುವಿಗೆ ತಿನ್ನುವುದರ ಲೆಕ್ಕ ಹಿಡಿದೇ ಇನ್ಸುಲಿನ್ ಕೊಡುತ್ತಾರೆ. ಎಲ್ಲಾ ಮಕ್ಕಳೂ ಕೇಕ್ ತಿನ್ನುವಾಗ ಅದೊಂದರ ಕೈಗೆ ಫೋಟೋ ಕೊಟ್ಟು ಕೂರಿಸಿದರೆ ಅದಕ್ಕಿಂತ ಬೇಸರ ಇನ್ನೊಂದಿಲ್ಲ. ಅಲ್ಲಿ ನಾನು ಹಿಂದಿನ ದಿನವೇ ಅಪ್ಪ ಅಮ್ಮನನ್ನು ಕೇಳಿ, ತುಂಡು ಎಷ್ಟು ದೊಡ್ಡದು, ಎಷ್ಟು ಹೊತ್ತಿಗೆ ಕೊಡುತ್ತೇವೆ ಎಂದು ತಿಳಿಸಿಬಿಡುತ್ತೇನೆ. ಉಳಿದದ್ದನ್ನು ಅವರು ನೋಡಿಕೊಳ್ಳುತ್ತಾರೆ.