ಆರನೇ ದಿನಕ್ಕೇ ಖಾಲಿಯಾದ ಬಾಟಲಿ

ಮುಂಬೈಯ ಮಾಟುಂಗಾದ ಒಂದು ಸಣ್ಣ ಕಣ್ಣಿನ ಆಸ್ಪತ್ರೆಯಲ್ಲಿ ನಾನು ನರ್ಸ್. ಪೊರೆ ತೆಗೆಸಿಕೊಂಡವರನ್ನು ಮನೆಗೆ ಕಳುಹಿಸುವಾಗ ಕೈಗೊಂದು ಹಾಳೆ ಕೊಡುತ್ತೇವೆ. ಮೊದಲು ಅದು ಇಂಗ್ಲಿಷ್ ಮತ್ತು ಮರಾಠಿಯಲ್ಲಿ ಮಾತ್ರ ಇತ್ತು. ನಮ್ಮಲ್ಲಿಗೆ ಬರುವವರಲ್ಲಿ ಹೋಟೆಲು ನಡೆಸಿ ನಿವೃತ್ತರಾದ ಉಡುಪಿ ಕಡೆಯವರು, ಮಗನ ಮನೆಗೆಂದು ಬಂದ ಧಾರವಾಡ, ವಿಜಯಪುರದ ಹಿರಿಯರು ಬಹಳ. ಅವರಿಗಾಗಿ ಕನ್ನಡದ ಹಾಳೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ಸಲ ಇಂಗ್ಲಿಷ್ ಹಾಳೆಯನ್ನೇ ಕನ್ನಡಕ್ಕೆ ಇಳಿಸಿದೆ. ಅದು ಯಾಕೆ ಸಾಲಲಿಲ್ಲವೆಂಬುದು ಡೊಂಬಿವಿಲಿಯ ಒಬ್ಬ ಅಜ್ಜನಿಂದ ಗೊತ್ತಾಯಿತು.

ನಮ್ಮ ಡಾಕ್ಟರರು ಸಾಮಾನ್ಯವಾಗಿ ಎರಡು ಹನಿ ಔಷಧಿ ಬರೆಯುತ್ತಾರೆ. ಸೋಂಕು ತಡೆಯುವ ಆಂಟಿಬಯಾಟಿಕ್ ದಿನಕ್ಕೆ ನಾಲ್ಕು ಸಲ, ಒಂದು ವಾರ. ಉರಿಯೂತ ಇಳಿಸುವ ಸ್ಟೀರಾಯ್ಡ್ ಮೊದಲ ವಾರ ದಿನಕ್ಕೆ ಆರು ಸಲ, ಎರಡನೇ ವಾರ ಐದು, ಹೀಗೆ ವಾರಕ್ಕೊಂದು ಕಡಿಮೆ ಮಾಡುತ್ತ ಆರು ವಾರ. ಬೇರೆ ಡಾಕ್ಟರರ ಲೆಕ್ಕ ಬೇರೆ ಇರಬಹುದು, ನಿಮ್ಮ ಚೀಟಿಯಲ್ಲಿ ಇರುವುದೇ ನಿಮಗೆ ಸರಿ. ಆದರೆ ಸ್ಟೀರಾಯ್ಡನ್ನು ಮೆಟ್ಟಿಲು ಇಳಿದಂತೆ ಇಳಿಸಬೇಕು, ಥಟ್ಟನೆ ನಿಲ್ಲಿಸಬಾರದು ಎಂಬುದು ಹೆಚ್ಚಿನ ಕಡೆ ಒಂದೇ.

ಅಜ್ಜ ಒಂಬತ್ತನೇ ದಿನ ಬಂದರು. ಕಣ್ಣು ಕೆಂಪಾಗಿತ್ತು. ಬೆಳಕು ಕಂಡರೆ ಮುಖ ತಿರುಗಿಸುತ್ತಿದ್ದರು, ಒಳಗೆ ಮಂದವಾದ ನೋವು. ಸೋಂಕೇ ಇರಬಹುದೆಂದು ನನ್ನ ಎದೆ ಧಸಕ್ಕೆಂದಿತು. ಡಾಕ್ಟರರು ಸ್ಲಿಟ್ ಲ್ಯಾಂಪಿನಲ್ಲಿ ನೋಡಿ, ಸೋಂಕಲ್ಲ, ಉರಿಯೂತ ಮರಳಿದೆ ಎಂದರು. ಹನಿ ಹಾಕುತ್ತಿದ್ದೀರಾ ಎಂದು ಕೇಳಿದೆ.

“ಬಾಟಲಿ ಆರನೇ ದಿನಕ್ಕೇ ಮುಗಿಯಿತಲ್ಲಮ್ಮಾ. ಕೋರ್ಸು ಮುಗಿಯಿತೆಂದುಕೊಂಡೆ,” ಎಂದರು.

ಆರನೇ ದಿನ! ಅಲ್ಲೇ ಲೆಕ್ಕ ಹಾಕಿದೆ. 5 ಮಿಲಿ ಸ್ಟೀರಾಯ್ಡ್ ಬಾಟಲಿಯಲ್ಲಿ ಸುಮಾರು 100 ಹನಿ ಇರುತ್ತವೆ. ಸಲಕ್ಕೊಂದು ಹನಿಯಾದರೆ ಮೊದಲ ವಾರ 42, ಎರಡನೇ ವಾರ 35. ಅಂದರೆ ಬಾಟಲಿ ಹೆಚ್ಚುಕಡಿಮೆ ಮೂರನೇ ವಾರದ ಕೊನೆಯವರೆಗೂ ಬರಬೇಕು, ಆಮೇಲೆ ಇನ್ನೊಂದು ಕೊಳ್ಳಬೇಕು. ಆರು ದಿನಕ್ಕೇ ಮುಗಿದಿದೆ ಎಂದರೆ ಸಲಕ್ಕೆ ಮೂರು ಹನಿ ಹಿಂಡಿದ್ದಾರೆ. ನನ್ನೆದುರೇ ಹಾಕಿ ತೋರಿಸಿ ಎಂದೆ. ಕತ್ತು ಎತ್ತಿ, ಬಾಟಲಿಯನ್ನು ಗಟ್ಟಿಯಾಗಿ ಅದುಮಿದರು. ಒಂದು ಹನಿ ರೆಪ್ಪೆಗೆ ಬಿತ್ತು, ಒಂದು ಕೆನ್ನೆಗೆ ಜಾರಿತು, ಮೂರನೆಯದು ಕಣ್ಣಿಗೆ ಬಿತ್ತು. ಬಾಟಲಿಯ ತುದಿ ರೆಪ್ಪೆಗೂದಲಿಗೆ ತಾಗಿಯೂ ತಾಗಿತು. ತಾಗಿದರೆ ರೆಪ್ಪೆಯ ಕೊಳೆ ಔಷಧಿಯೊಳಗೆ ಸೇರುತ್ತದೆ. ಸ್ಟೀರಾಯ್ಡನ್ನು ಮತ್ತೆ ಶುರು ಮಾಡಿದ ಮೇಲೆ ಅಜ್ಜನ ಕಣ್ಣು ಒಂದೇ ವಾರದಲ್ಲಿ ತಿಳಿಯಾಯಿತು. ನಾನು ನನ್ನ ಹಾಳೆಯನ್ನು ಹರಿದು ಮೊದಲಿನಿಂದ ಬರೆದೆ.

ಈಗಿನ ಹಾಳೆಯಲ್ಲಿ ಹನಿ ಹಾಕುವ ಕ್ರಮಕ್ಕೇ ಅರ್ಧ ಪುಟ ಕೊಟ್ಟಿದ್ದೇನೆ. ಸೋಪಿನಿಂದ ಕೈ ತೊಳೆದು, ದಿಂಬಿನ ಮೇಲೆ ಅಂಗಾತ ಮಲಗಬೇಕು. ಕೂತು ಹಾಕಿಕೊಳ್ಳುವ ಸಾಹಸ ಬೇಡ. ಸ್ಟೀರಾಯ್ಡ್ ಬಾಟಲಿಯಲ್ಲಿ ಔಷಧಿ ಹಾಲಿನಂತೆ ಬೆಳ್ಳಗಿದ್ದರೆ ಅದು ತಳದಲ್ಲಿ ಕೂತಿರುತ್ತದೆ, ಚೆನ್ನಾಗಿ ಅಲ್ಲಾಡಿಸಬೇಕು. ಅಲ್ಲಾಡಿಸದೆ ಹಾಕಿದರೆ ಮೊದಲ ದಿನಗಳಲ್ಲಿ ಬರೀ ನೀರಿನಂಥದ್ದು ಬೀಳುತ್ತದೆ. ಕೆಳರೆಪ್ಪೆಯನ್ನು ಕೆನ್ನೆಯ ಕಡೆ ಮೆಲ್ಲಗೆ ಎಳೆದರೆ ಒಂದು ಪುಟ್ಟ ಜೇಬು ತೆರೆದುಕೊಳ್ಳುತ್ತದೆ. ಅದರಲ್ಲಿ ಒಂದೇ ಹನಿ. ಆ ಜೇಬು ಒಂದು ಹನಿಗಿಂತ ಹೆಚ್ಚು ಹಿಡಿಯುವುದಿಲ್ಲ, ಮಿಕ್ಕಿದ್ದು ಕೆನ್ನೆಗೇ. ಆಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಒಂದು ನಿಮಿಷ ಹಗುರವಾಗಿ ಒತ್ತಬೇಕು. ಹನಿ ಗಂಟಲಿಗೆ ಇಳಿದು ಕಹಿಯಾಗುವುದು ತಪ್ಪುತ್ತದೆ. ಎರಡನೇ ಔಷಧಿಗೆ ಐದು ನಿಮಿಷ ಕಾಯದಿದ್ದರೆ ಆಮೇಲೆ ಹಾಕಿದ ಹನಿ ಮೊದಲಿನದನ್ನು ತೊಳೆದುಬಿಡುತ್ತದೆ.

ಓದಲು ಬಾರದವರಿಗೂ, ಇನ್ನೂ ಮಂಜಾಗಿ ಕಾಣುವವರಿಗೂ ನಾನೇ ಬಾಟಲಿಗಳಿಗೆ ರಬ್ಬರ್ ಬ್ಯಾಂಡ್ ಹಾಕಿಕೊಡುತ್ತೇನೆ. ಒಂದು ಬ್ಯಾಂಡ್ ಇರುವುದು ಒಂದು ವಾರದ್ದು, ಎರಡು ಇರುವುದು ಆರು ವಾರದ್ದು. ತೆರೆದ ತಾರೀಕನ್ನು ಬಾಟಲಿಯ ಮೇಲೆ ಬರೆಯಿಸುತ್ತೇನೆ. ನಾಲ್ಕು ವಾರ ಕಳೆದರೆ ಉಳಿದದ್ದನ್ನು ಎಸೆಯಬೇಕು.

ಕಣ್ಣಿನ ಮೇಲಿನ ತೂತುಗಳಿರುವ ಪ್ಲಾಸ್ಟಿಕ್ ಕವಚದ ಬಗ್ಗೆ ಹೇಳುವುದು ಕಡಿಮೆ. ಅದು ಔಷಧಿಯಲ್ಲ, ನಿದ್ದೆಯಲ್ಲಿ ನಮ್ಮ ಕೈ ಕಣ್ಣನ್ನು ಉಜ್ಜದಂತೆ ಕಾಯುವ ಕಾವಲು. ಹಗಲಲ್ಲಿ ಕಪ್ಪು ಕನ್ನಡಕ ಸಾಕು. ರಾತ್ರಿಯೂ ಮಧ್ಯಾಹ್ನದ ನಿದ್ದೆಯಲ್ಲೂ ಒಂದು ವಾರ ಕವಚ ಬೇಕು. ದಿನಾ ಸೋಪಿನಲ್ಲಿ ತೊಳೆದು ಒಣಗಿಸಿ, ಹಣೆಗೂ ಕೆನ್ನೆಗೂ ಟೇಪು ಅಂಟಿಸಿ. ಅದರ ಕೆಳಗೆ ಹತ್ತಿ ತುರುಕಬೇಡಿ.

ನಿರ್ಬಂಧಗಳ ವಿಷಯದಲ್ಲಿ ಮುಂಬೈಗೆ ತಕ್ಕಂತೆ ಬರೆಯಬೇಕಾಯಿತು. ನೀರು ಬರುವ ಹೊತ್ತಿಗೆ ಬಕೆಟ್ ಎತ್ತುವ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ. ತುಂಬಿದ ಬಕೆಟ್ 15 ಕಿಲೋಗೂ ಹೆಚ್ಚು ತೂಗುತ್ತದೆ, ಎರಡು ವಾರ ಮುಟ್ಟಬೇಡಿ. ಮೊದಲ ವಾರ ಜನ ತುಂಬಿದ ಲೋಕಲ್ ರೈಲು ಬೇಡ, ಇನ್ನೊಬ್ಬರ ಮೊಣಕೈ ಕಣ್ಣಿಗೆ ಬಿದ್ದರೆ ಗಾಯ ತೆರೆದುಕೊಳ್ಳಬಹುದು. ತಲೆಸ್ನಾನ ಹತ್ತು ದಿನ ಬೇಡ, ಕುತ್ತಿಗೆಯ ಕೆಳಗೆ ಸ್ನಾನ ಮಾಡಿ ಮುಖವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರಾಯಿತು. ಒಗ್ಗರಣೆಯ ಸಿಡಿತ, ಧೂಪದ ಹೊಗೆ ದೂರವಿರಲಿ. ಟಿವಿ, ಮೊಬೈಲ್ ನೋಡಬಾರದು, ಬದನೆಕಾಯಿ ತಿನ್ನಬಾರದು ಎಂದು ಸೊಸೆಯರನ್ನು ಕಾಡುವ ನೆಂಟರಿಗೆ ನನ್ನ ಹಾಳೆಯಲ್ಲಿ ಬೆಂಬಲವಿಲ್ಲ. ಕಣ್ಣು ದಣಿಯುವವರೆಗೆ ನೋಡಿ, ಹೊಟ್ಟೆಗೆ ಒಗ್ಗುವುದನ್ನು ತಿನ್ನಿ.

ಕೊನೆಗೆ ಸೋಂಕು. ಸ್ವಲ್ಪ ಕಿರಿಕಿರಿ, ನೀರೂರುವುದು, ಕಣ್ಣೊಳಗೆ ಮರಳು ಬಿದ್ದಂತೆ ಆಗುವುದು ಮೊದಲ ದಿನಗಳಲ್ಲಿ ಸಹಜ. ಗುರುತಿಸುವ ಸೂತ್ರ ಒಂದೇ: ಕಣ್ಣು ದಿನಕ್ಕಿಂತ ದಿನ ಸುಧಾರಿಸಬೇಕು. ಕಂಡದ್ದು ಮತ್ತೆ ಮಂಜಾದರೆ ಅದು ಅಪಾಯದ ಸೂಚನೆ. ಅದಕ್ಕೇ ಮುಂಬೈಯ ಮನೆಗಳಲ್ಲಿ ಸಾಮಾನ್ಯವಾಗಿ ಗೋಡೆಗೆ ತೂಗುಹಾಕಿರುವ ಕ್ಯಾಲೆಂಡರನ್ನು ಬಳಸುತ್ತೇನೆ. ಪ್ರತಿ ಬೆಳಿಗ್ಗೆ ಒಂದೇ ಜಾಗದಲ್ಲಿ ನಿಂತು, ಇನ್ನೊಂದು ಕಣ್ಣನ್ನು ಅಂಗೈಯಿಂದ ಮುಚ್ಚಿ, ಶಸ್ತ್ರಚಿಕಿತ್ಸೆಯಾದ ಕಣ್ಣಿನಿಂದ ತಾರೀಕಿನ ದೊಡ್ಡ ಅಂಕಿಯನ್ನೂ ಕೆಳಗಿನ ಸಣ್ಣ ಅಕ್ಷರವನ್ನೂ ಓದಬೇಕು.

ಮುಲುಂಡದ ಒಬ್ಬ ಅಮ್ಮ ಮೂರನೇ ದಿನ ಸಣ್ಣ ಅಕ್ಷರಗಳನ್ನು ಓದಿದ್ದರು. ನಾಲ್ಕನೇ ದಿನ ದೊಡ್ಡ ಅಂಕಿಯೂ ಹೊಗೆಯ ಹಿಂದೆ ಹೋದಂತಿತ್ತು. ನೋವು ಹೆಚ್ಚಿರಲಿಲ್ಲ, ಒಂದಿಷ್ಟು ಕೆಂಪು ಮಾತ್ರ. ಭಾನುವಾರವೆಂದು ಕಾಯದೆ ಸೊಸೆ ಫೋನು ಮಾಡಿದಳು. ಡಾಕ್ಟರರು ನೋಡಿದಾಗ ಕರಿಗುಡ್ಡೆಯ ಕೆಳಭಾಗದಲ್ಲಿ ಕೀವಿನ ತೆಳು ಗೆರೆ ಕೂತಿತ್ತು. ಅದು ಕಣ್ಣೊಳಗಿನ ಸೋಂಕು, ಹನಿಗೆ ಬಗ್ಗುವಂಥದ್ದಲ್ಲ. ಅಂದೇ ರೆಟಿನಾ ತಜ್ಞರು ಕಣ್ಣೊಳಗೆ ಆಂಟಿಬಯಾಟಿಕ್ ಚುಚ್ಚಿದರು. ಒಂದು ದಿನ ತಡವಾಗಿದ್ದರೆ ದೃಷ್ಟಿ ಉಳಿಯುತ್ತಿತ್ತೋ ಇಲ್ಲವೋ. ತಿಂಗಳ ನಂತರ ಅವರು ಅದೇ ಕ್ಯಾಲೆಂಡರಿನ ಸಣ್ಣ ಅಕ್ಷರವನ್ನು ತಡವರಿಸಿಯಾದರೂ ಓದಿದರು.

ನನ್ನ ಹಾಳೆಯಲ್ಲಿ ಅಲ್ಲಿಯವರೆಗೆ “ನೋವು ಬಂದರೆ ಕರೆ ಮಾಡಿ” ಎಂದಿತ್ತು. ಅದನ್ನು ಅಳಿಸಿ ಹೀಗೆ ಬರೆದೆ: “ನಿನ್ನೆ ಕಂಡಷ್ಟು ಇಂದು ಕಾಣದಿದ್ದರೆ, ನೋವಿಲ್ಲದಿದ್ದರೂ, ಈಗಲೇ ಕರೆ ಮಾಡಿ.”