ಹಳ್ಳ ಎಲ್ಲರಿಗೂ ಗೊತ್ತು, ಬಳ್ಳ ಎಲ್ಲಿ? ಭಾಷಣದಲ್ಲಿ ಗಾದೆಯನ್ನು ಹೊಂದಿಸುವ ಬಗೆ

ಮುಂಬಯಿಯ ಕನ್ನಡ ಸಂಘಗಳ ವಾರ್ಷಿಕೋತ್ಸವದಲ್ಲಿ ನಿಧಿ ಸಂಗ್ರಹದ ಮಾತು ಬಂದರೆ ಸಾಕು, "ಹನಿ ಹನಿಗೂಡಿದರೆ ಹಳ್ಳ" ಎಂಬ ಗಾದೆ ಕೇಳಿಸದೆ ಇರುವುದು ಅಪರೂಪ. ಭಾಷಣಕಾರರು "ಹನಿ ಹನಿ" ಎನ್ನುವಷ್ಟರಲ್ಲಿ ಸಭೆಯಲ್ಲಿ ಕುಳಿತವರ ತುಟಿಗಳು ಹಳ್ಳವನ್ನು ತಲುಪಿರುತ್ತವೆ. ಗಾದೆ ಸವೆದಿದೆ ಎನ್ನುವುದಕ್ಕೆ ಇದೇ ಗುರುತು. ಅದು ಹಳೆಯದಾಗಿರುವುದು ಇದಕ್ಕೆ ಕಾರಣವಲ್ಲ. ಕೇಳುವವರ ಕಣ್ಣ ಮುಂದೆ ಹನಿಯಾಗಲಿ ಹಳ್ಳವಾಗಲಿ ಮೂಡುವ ಮೊದಲೇ ಮಾತು ಮುಗಿದುಹೋಗುವುದು ಕಾರಣ.

ಈ ಅಭ್ಯಾಸದ ಬೇರು ಬಹುಮಟ್ಟಿಗೆ ಶಾಲೆಯಲ್ಲಿದೆ ಎಂದು ನನಗನ್ನಿಸುತ್ತದೆ. ಕನ್ನಡ ಪ್ರಶ್ನೆಪತ್ರಿಕೆಯಲ್ಲಿ "ಗಾದೆಯನ್ನು ವಿಸ್ತರಿಸಿ ಬರೆಯಿರಿ" ಎಂಬ ಪ್ರಶ್ನೆಗೆ ನಾವೆಲ್ಲ ಉತ್ತರ ಬರೆದವರೇ. "ವೇದ ಸುಳ್ಳಾದರೂ ಗಾದೆ ಸುಳ್ಳಾಗದು" ಎಂದು ಆರಂಭಿಸಿ, ಗಾದೆಯ ಅರ್ಥ ಹೇಳಿ, ಕೊನೆಗೆ ಒಂದು ಉದಾಹರಣೆ ಕೊಡುವ ಆ ಕ್ರಮ ಪರೀಕ್ಷೆಗೆ ಸರಿ. ಆದರೆ ಅದೇ ಕ್ರಮ ವೇದಿಕೆಗೂ ಬಂದಾಗ ಸಭೆಗೆ ಉತ್ತರಪತ್ರಿಕೆ ಕೇಳಿದಂತಾಗುತ್ತದೆ. ಭಾಷಣದಲ್ಲಿ ಕ್ರಮ ತಿರುಗಬೇಕು: ಉದಾಹರಣೆ ಮೊದಲು, ಗಾದೆ ಆಮೇಲೆ, ಅರ್ಥವಿವರಣೆ ಇಲ್ಲವೇ ಇಲ್ಲ. ಇದನ್ನು ಮಾಡುವುದು ಹೇಗೆ ಎಂಬುದನ್ನು ಡೊಂಬಿವಲಿಯ ಮಹಿಳೆಯೊಬ್ಬರ ಐದು ನಿಮಿಷದ ಭಾಷಣವನ್ನೇ ಹಿಡಿದು ನೋಡೋಣ. ಅವರ ಮೊದಲ ಕರಡಿನಿಂದ ಕೊನೆಯ ಕರಡಿನವರೆಗೂ ನಾನು ಜೊತೆಗಿದ್ದೆ.

ಮೊದಲು ಗಾದೆಯಿಲ್ಲದೆ ಬರೆಯಿರಿ

ಅವರು ಗದಗಿನ ಕಡೆಯವರು, ಸಂಘದ ಮಹಿಳಾ ವಿಭಾಗದ ಲೆಕ್ಕ ನೋಡಿಕೊಳ್ಳುತ್ತಾರೆ. ಆ ವಿಭಾಗದ 32 ಸದಸ್ಯೆಯರು ತಿಂಗಳಿಗೆ ತಲಾ 50 ರೂಪಾಯಿ ಕೂಡಿಸಿ, ವರ್ಷದ ಕೊನೆಗೆ ಆರು ಮಕ್ಕಳ ಶಾಲೆಯ ಖರ್ಚಿಗೆ 19,200 ರೂಪಾಯಿ ಹಂಚಿದ್ದರು. ಅವರ ಮೊದಲ ಕರಡಿನ ಆರಂಭ ಹೀಗಿತ್ತು: "ಹನಿ ಹನಿಗೂಡಿದರೆ ಹಳ್ಳ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಅದರಂತೆ ನಾವೆಲ್ಲರೂ ಸೇರಿ ಒಂದು ನಿಧಿಯನ್ನು ಸ್ಥಾಪಿಸಿದ್ದೇವೆ."

ಗಾದೆಯನ್ನು ಪೂರ್ತಿ ತೆಗೆದುಹಾಕಿ, ಆ ಹಣ ಹೇಗೆ ಕೂಡಿತೆಂಬುದನ್ನು ಮಾತ್ರ ಬರೆದು ತರುವಂತೆ ಹೇಳಿದೆ. ಎರಡು ದಿನ ಬಿಟ್ಟು ತಂದ ಹಾಳೆಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿಯಿತ್ತು, ಮನೆಯಲ್ಲೇ ಚಪಾತಿ ಲಟ್ಟಿಸಿ ಮಾರುವ ಒಬ್ಬ ಸದಸ್ಯೆಯಿದ್ದರು. ಅವರು ಕೊಡುತ್ತಿದ್ದದ್ದು ಹತ್ತರ ಐದು ನೋಟು. ನೋಟಿನ ಮಡಿಕೆಯಲ್ಲಿ ಗೋಧಿ ಹಿಟ್ಟು ಉಳಿದಿರುತ್ತಿತ್ತು. ಜ್ವರ ಬಂದು ಒಂದು ತಿಂಗಳು ಕೊಡಲಾಗದೆ ಹೋದಾಗ, ಯಾರೂ ಕೇಳದಿದ್ದರೂ ಮುಂದಿನ ತಿಂಗಳು ಹತ್ತು ನೋಟು ತಂದು ಡಬ್ಬಿಗೆ ಹಾಕಿದ್ದರು.

ಗಾದೆ ಇಲ್ಲದೆ ಬರೆದ ಕರಡಿನಿಂದ ಇಂಥ ಒಂದು ಸಂಗತಿಯೂ ಹೊರಬರದಿದ್ದರೆ ಆ ಭಾಷಣಕ್ಕೆ ಗಾದೆಯನ್ನು ಸೇರಿಸಬಾರದು. ಹೇಳುವುದು ಬೇರೇನೂ ಇಲ್ಲದಿದ್ದಾಗ ಗಾದೆ ಬರಿದಾದ ಜಾಗವನ್ನು ಮುಚ್ಚುವ ಪರದೆಯಾಗುತ್ತದೆ, ಸಭೆಗೆ ಅದು ತಕ್ಷಣ ತಿಳಿಯುತ್ತದೆ.

ಗಾದೆಯೊಳಗೆ ಯಾರು ಎಲ್ಲಿದ್ದಾರೆಂದು ನೋಡಿರಿ

ಗಾದೆಯೆಂದರೆ ಒಂದು ಸಣ್ಣ ಚಿತ್ರ. ಅದರೊಳಗಿನ ಒಬ್ಬೊಬ್ಬರನ್ನೂ ನಿಮ್ಮ ಸಂದರ್ಭದ ಒಬ್ಬೊಬ್ಬರ ಜೊತೆ ಹೊಂದಿಸಿ ನೋಡಬೇಕು. ಈ ಪರೀಕ್ಷೆಯನ್ನು ಮಾಡದೆ ಇರುವುದರಿಂದಲೇ ಹೆಚ್ಚಿನ ತಪ್ಪುಗಳು ಆಗುತ್ತವೆ. ಉದಾಹರಣೆಗೆ, ಸಂಘದ ಹಿರಿಯರೊಬ್ಬರು "ಕೈ ಕೆಸರಾದರೆ ಬಾಯಿ ಮೊಸರು" ಹಾಕಿಕೊಳ್ಳಿ ಎಂದು ಸಲಹೆ ಕೊಟ್ಟಿದ್ದರು. ದುಡಿಮೆಯ ಗಾದೆಯಾದ್ದರಿಂದ ಹೊಂದುತ್ತದೆ ಎಂದು ಮೇಲುನೋಟಕ್ಕೆ ಅನ್ನಿಸುತ್ತದೆ. ಆದರೆ ಆ ಗಾದೆಯಲ್ಲಿ ಕೆಸರಾದ ಕೈಯೂ ಮೊಸರುಂಡ ಬಾಯಿಯೂ ಒಬ್ಬನವೇ. ಇಲ್ಲಿ ಕೈ ಸದಸ್ಯೆಯರದು, ಬಾಯಿ ಮಕ್ಕಳದು. ತನಗಾಗಿ ದುಡಿದದ್ದಲ್ಲ ಎಂಬುದೇ ಈ ಕೆಲಸದ ಹೆಚ್ಚುಗಾರಿಕೆಯಾಗಿರುವಾಗ, ಆ ಗಾದೆ ಅದನ್ನೇ ಅಳಿಸಿಹಾಕುತ್ತದೆ.

"ಗಾಳಿ ಬಂದಾಗ ತೂರಿಕೋ" ಎಂಬುದನ್ನೂ ಹೀಗೇ ಅಳೆಯಬೇಕು. ಕಣದಲ್ಲಿ ರಾಶಿ ಸಿದ್ಧವಿದ್ದವನಿಗೆ ಮಾತ್ರ ಗಾಳಿ ಉಪಯೋಗಕ್ಕೆ ಬರುತ್ತದೆ ಎಂಬ ಅರ್ಥ ಅದರೊಳಗಿದೆ, ನಿಜ. ಆದರೆ ಬಳಕೆಯಲ್ಲಿ ಅದಕ್ಕೆ ಸಮಯಸಾಧಕನ ಛಾಯೆ ಅಂಟಿಕೊಂಡಿರುವುದರಿಂದ, ಸನ್ಮಾನದ ಸಭೆಯಲ್ಲಿ ಒಬ್ಬರ ಏಳಿಗೆಯ ಬಗ್ಗೆ ಹೇಳಿದರೆ ಹೊಗಳಿಕೆ ಚುಚ್ಚುಮಾತಾಗುತ್ತದೆ. "ಕುರುಡು ಕಣ್ಣಿಗಿಂತ ಮೆಳ್ಳೆಗಣ್ಣು ಲೇಸು" ಎಂಬಂಥವನ್ನು, ಹಾಗೆಯೇ ಜಾತಿಯನ್ನೋ ಹೆಣ್ಣನ್ನೋ ಹೀಯಾಳಿಸುವವನ್ನು, ಎಷ್ಟೇ ಹೊಂದಿದರೂ ಎತ್ತಿಕೊಳ್ಳಬಾರದು. ಶೋಕಸಭೆಯಲ್ಲಂತೂ ಗಾದೆಯೇ ಬೇಡ. ದುಃಖದಲ್ಲಿರುವವರಿಗೆ ಎಲ್ಲರಿಗೂ ಅನ್ವಯಿಸುವ ಮಾತು ಸಾಂತ್ವನ ನೀಡುವುದಿಲ್ಲ.

ಮರೆತ ಅರ್ಧವನ್ನು ಹುಡುಕಿರಿ

ನಮ್ಮ ಎಷ್ಟೋ ಗಾದೆಗಳು ಜೋಡಿ ಸಾಲಿನವು, ಆಡುಮಾತಿನಲ್ಲಿ ಒಂದು ಸಾಲು ಮಾತ್ರ ಉಳಿದಿರುತ್ತದೆ. ಹಳ್ಳದ ಗಾದೆಯೂ ಅಂಥದ್ದೇ. ಪೂರ್ತಿ ಗಾದೆ ಹೀಗಿದೆ: "ಹನಿ ಹನಿಗೂಡಿದರೆ ಹಳ್ಳ, ತೆನೆ ತೆನೆಗೂಡಿದರೆ ಬಳ್ಳ." ಬಳ್ಳವೆಂದರೆ ಧಾನ್ಯ ಅಳೆಯುವ ಒಂದು ಮಾಪು.

ಎರಡು ಸಾಲುಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಕಾಣುತ್ತದೆ. ಹನಿ ತಾನಾಗಿಯೇ ಬೀಳುತ್ತದೆ, ತಾನಾಗಿಯೇ ಹರಿದು ಹಳ್ಳ ಸೇರುತ್ತದೆ. ಅಲ್ಲಿ ಯಾರ ಶ್ರಮವೂ ಇಲ್ಲ. ತೆನೆ ಹಾಗಲ್ಲ. ಅದನ್ನು ಒಬ್ಬರು ಬಗ್ಗಿ ಎತ್ತಬೇಕು, ಬಡಿದು ಕಾಳು ಬಿಡಿಸಬೇಕು, ಆಮೇಲೆ ಬಳ್ಳಕ್ಕೆ ತುಂಬಬೇಕು. ಹಿಟ್ಟು ಅಂಟಿದ ನೋಟಿಗೆ ಹೊಂದುವುದು ಹಳ್ಳವಲ್ಲ, ಬಳ್ಳ.

ಇದನ್ನು ಹೇಳಿದಾಗ ಅವರು ಒಂದು ಕ್ಷಣ ಸುಮ್ಮನಿದ್ದು, "ನಮ್ಮವ್ವ ಹಕ್ಕಲ ಆಯಾಕ ಹೋಗ್ತಿದ್ಲರಿ ಸರ" ಎಂದರು. ಸುಗ್ಗಿ ಮುಗಿದ ಹೊಲದಲ್ಲಿ ಬಿದ್ದುಳಿದ ಜೋಳದ ತೆನೆಗಳನ್ನು ಆರಿಸಿ ತರುವುದಕ್ಕೆ ಆ ಕಡೆ ಹಕ್ಕಲಾಯುವುದು ಎನ್ನುತ್ತಾರೆ. ಅವರ ತಾಯಿ ಸೆರಗಿನಲ್ಲಿ ಕಟ್ಟಿ ತಂದ ತೆನೆಗಳನ್ನು ಸಂಜೆ ಬಡಿದು, ಕಾಳನ್ನು ಬಳ್ಳದಲ್ಲಿ ಅಳೆದು ಇಡುತ್ತಿದ್ದರಂತೆ. ಭಾಷಣಕ್ಕೆ ಬೇಕಾಗಿದ್ದ ಇನ್ನೊಂದು ಅರ್ಧ ಅವರ ಬಾಯಿಂದಲೇ ಬಂದಿತು. ಸ್ವಲ್ಪ ಹೊತ್ತಿನ ಮೇಲೆ ಅವರೇ ಒಂದು ತೊಡಕನ್ನೂ ಎತ್ತಿದರು: "ಬಳ್ಳ ಅಂದ್ರ ನನ್ನ ಮಗನಿಗೇ ಗೊತ್ತಿಲ್ಲರಿ, ಸಭಾದಾಗ ಯಾರಿಗೆ ತಿಳಿತೈತಿ?"

ಅರ್ಥವನ್ನು ಮೊದಲೇ ಬಿತ್ತಿರಿ

ಈ ತೊಡಕು ಮುಂಬಯಿಗೆ, ಪುಣೆಗೆ ಸಹಜವಾದದ್ದು. ಒಂದೇ ಸಭೆಯಲ್ಲಿ ಉಡುಪಿ ಕಡೆಯವರು, ವಿಜಯಪುರದವರು, ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮಕ್ಕಳು, ಮುಂದಿನ ಸಾಲಿನಲ್ಲಿ ಮರಾಠಿ ಅತಿಥಿಗಳು ಕುಳಿತಿರುತ್ತಾರೆ. ಗಾದೆ ಹೇಳಿ, "ಅಂದರೆ ಬಳ್ಳವೆಂದರೆ ಅಳತೆ" ಎಂದು ಬಿಡಿಸಿದರೆ ಅದರ ಕಾವು ಆರುತ್ತದೆ. ಆದ್ದರಿಂದ ಗಾದೆಯೊಳಗಿನ ಕಷ್ಟದ ಪದವನ್ನು ಗಾದೆ ಬರುವುದಕ್ಕೆ ಎರಡು ಮೂರು ವಾಕ್ಯ ಮೊದಲೇ ಕಥೆಯೊಳಗೆ ಬಳಸಬೇಕು. ತಾಯಿ ಬಳ್ಳದಲ್ಲಿ ಕಾಳು ಅಳೆದದ್ದನ್ನು ಕೇಳಿದ ಹುಡುಗನಿಗೆ ಬಳ್ಳವೇನೆಂದು ಬೇರೆ ಹೇಳಬೇಕಾಗಿಲ್ಲ.

ಮರಾಠಿ ಅತಿಥಿಗಳ ವಿಷಯದಲ್ಲಿ ನಮಗೊಂದು ಅನುಕೂಲವೂ ಇದೆ. "ಥೇಂಬೆ ಥೇಂಬೆ ತಳೆ ಸಾಚೆ" ಎಂಬ ಮರಾಠಿ ಗಾದೆ ನಮ್ಮ ಮೊದಲ ಸಾಲಿನ ಒಡಹುಟ್ಟೇ ಸರಿ. ಹನಿ ಹನಿಯಾಗಿ ಕೆರೆ ತುಂಬುತ್ತದೆ ಎಂದು ಅದರ ಅರ್ಥ. ಆದರೆ ತೆನೆ ಮತ್ತು ಬಳ್ಳದ ಸಾಲು ಅದರಲ್ಲಿಲ್ಲ. ಆದ್ದರಿಂದ ಮೊದಲ ಅರ್ಧವನ್ನು ಮರಾಠಿಯಲ್ಲಿ ಅವರಿಗೆ ಬಿಟ್ಟುಕೊಟ್ಟು, ಎರಡನೆಯ ಅರ್ಧವನ್ನು ಕನ್ನಡದಲ್ಲಿ ಉಳಿಸಿಕೊಂಡೆವು. ಕೊನೆಯ ಕರಡಿನ ಆ ಭಾಗ ಹೀಗಿತ್ತು:

"ನಮ್ಮ ಅವ್ವ ಸುಗ್ಗಿ ಮುಗಿದ ಹೊಲದಲ್ಲಿ ಬಿದ್ದ ಜೋಳದ ತೆನೆ ಆರಿಸಿ ತರುತ್ತಿದ್ದಳು. ಸಂಜೆ ಬಡಿದು, ಕಾಳನ್ನು ಬಳ್ಳದಲ್ಲಿ ಅಳೆಯುತ್ತಿದ್ದಳು. ಒಮ್ಮೊಮ್ಮೆ ಬಳ್ಳ ತುಂಬುತ್ತಿರಲಿಲ್ಲ. ಮರುದಿನ ಮತ್ತೆ ಹೋಗುತ್ತಿದ್ದಳು. ಈ ಬಿಸ್ಕತ್ತಿನ ಡಬ್ಬಿಗೆ ನಮ್ಮ ಅಕ್ಕನೊಬ್ಬರು ಹಾಕುವ ಹತ್ತರ ನೋಟಿಗೆ ಗೋಧಿ ಹಿಟ್ಟು ಅಂಟಿರುತ್ತದೆ. ಜ್ವರ ಬಂದ ತಿಂಗಳು ಕೊಡಲಿಲ್ಲ. ಮುಂದಿನ ತಿಂಗಳು ಎರಡರದ್ದೂ ತಂದರು. ಮರಾಠಿಯಲ್ಲಿ ಥೇಂಬೆ ಥೇಂಬೆ ತಳೆ ಸಾಚೆ ಎನ್ನುತ್ತಾರೆ. ಅವ್ವ ಹೇಳುತ್ತಿದ್ದದ್ದು ಬೇರೆ: ತೆನೆ ತೆನೆಗೂಡಿದರೆ ಬಳ್ಳ. ಈ ವರ್ಷ ಆರು ಮಕ್ಕಳಿಗೆ 19,200 ರೂಪಾಯಿ ಕೊಟ್ಟಿದ್ದೇವೆ."

ಇಲ್ಲಿ "ಗಾದೆಯೇ ಇದೆಯಲ್ಲ" ಎಂಬ ಮುನ್ನುಡಿಯಿಲ್ಲ, "ಹಿರಿಯರು ಹೇಳಿದಂತೆ" ಎಂಬುದೂ ಇಲ್ಲ. ಹೇಳಿದವಳು ಒಬ್ಬ ನಿಜವಾದ ತಾಯಿ. ಗಾದೆಯ ಬೆನ್ನಿಗೇ ಲೆಕ್ಕ ಬಂದಿರುವುದರಿಂದ ವಿವರಣೆಗೆ ಜಾಗವೇ ಉಳಿದಿಲ್ಲ. ಅವರ ತಾಯಿ ಆ ಮಾತನ್ನು ನಿಜಕ್ಕೂ ಆಡುತ್ತಿದ್ದರೇ ಎಂದು ನಾನು ಎರಡು ಸಲ ಕೇಳಿ ಖಚಿತಪಡಿಸಿಕೊಂಡೆ. ಆಡದಿದ್ದರೆ ಆ ವಾಕ್ಯವನ್ನು ಬದಲಿಸಬೇಕಾಗುತ್ತಿತ್ತು. ಕೃತಕವಾಗಿ ಸೃಷ್ಟಿಸಿದ ಅಜ್ಜಿ, ಅವ್ವಂದಿರು ಗಾದೆಯನ್ನು ಮತ್ತೆ ಸವಕಲು ಮಾಡುತ್ತಾರೆ.

ಹೇಳುವಾಗ

ಪದಗಳನ್ನು ಬದಲಿಸಬೇಡಿ. "ತೆನೆಗಳು ಒಂದುಗೂಡಿದರೆ ಬಳ್ಳವಾಗುತ್ತದೆ" ಎಂದರೆ ಅರ್ಥ ಉಳಿದರೂ ಲಯ ಹೋಗುತ್ತದೆ, ಲಯ ಹೋದ ಗಾದೆ ಬರೀ ವಾಕ್ಯ. ಗಾದೆಗೆ ಮೊದಲು ಒಂದು ಉಸಿರಿನಷ್ಟು ನಿಲ್ಲಿಸಿ, ಅದನ್ನು ಪಕ್ಕದ ವಾಕ್ಯಗಳ ದನಿಯಲ್ಲೇ ಹೇಳಿರಿ. ಪದ್ಯ ಓದುವಂತೆ ಎಳೆಯಬೇಡಿ, ಚಪ್ಪಾಳೆಗೆ ಕಾಯಬೇಡಿ. ಐದು ನಿಮಿಷದ ಭಾಷಣಕ್ಕೆ ಒಂದು ಗಾದೆ ಸಾಕು, ಎರಡನೆಯದು ಬಂದರೆ ಮೊದಲನೆಯದನ್ನು ಮರೆಸುತ್ತದೆ.

ಹಿಂದಿನ ದಿನ ಮನೆಯಲ್ಲಿ ಒಬ್ಬರೆದುರು ಓದಿ ನೋಡಿರಿ. ನೀವು ಮುಗಿಸುವ ಮೊದಲೇ ಕೇಳುವವರು ಗಾದೆಯನ್ನು ಪೂರ್ತಿ ಮಾಡಿದರೆ, ಅದು ತೀರಾ ಬೇಗ ಬಂದಿದೆ ಅಥವಾ ಸವೆದ ಅರ್ಧವನ್ನೇ ಹಿಡಿದಿದ್ದೀರಿ ಎಂದರ್ಥ. "ಹಾಗೆಂದರೇನು?" ಎಂದು ಕೇಳಿದರೆ ಪದವನ್ನು ಮೊದಲೇ ಬಿತ್ತಿಲ್ಲ. ನಮ್ಮ ಲೆಕ್ಕದ ಅಕ್ಕ ತಮ್ಮ ಹನ್ನೆರಡು ವರ್ಷದ ಮಗನೆದುರು ಓದಿದಾಗ ಅವನು ಬಳ್ಳದ ಬಗ್ಗೆ ಏನನ್ನೂ ಕೇಳಲಿಲ್ಲ. ಅಜ್ಜಿ ದಿನಕ್ಕೆ ಎಷ್ಟು ತೆನೆ ಆರಿಸುತ್ತಿದ್ದರು ಎಂದು ಕೇಳಿದನಂತೆ.

ಅದೇ ಸಭಾಂಗಣದಲ್ಲಿ, ಅದೇ ಜನರೆದುರು ಮುಂದಿನ ಕೆಲವು ವರ್ಷ ಆ ಗಾದೆಯನ್ನು ಮತ್ತೆ ಎತ್ತಬಾರದು. ಯಾವ ಸಭೆಯಲ್ಲಿ ಯಾವುದನ್ನು ಹೇಳಿದೆ ಎಂದು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಅವರು ಅದನ್ನು ನಿಧಿಯ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ತಾರೀಕು ಹಾಕಿ ಬರೆದಿಟ್ಟಿದ್ದಾರೆ.