ಗೋಡೆ ಕೊರೆಯುವ ಮೊದಲು ಸಿಂಕ್ ಕೊಂಡುಬಿಡಿ

ಅಡುಗೆಮನೆ ಕಟ್ಟಿಸುವವರು ಸಾಮಾನ್ಯವಾಗಿ ಮೊದಲು ಟೈಲ್ಸ್ ಬಣ್ಣ ಆರಿಸುತ್ತಾರೆ, ಕೊನೆಗೆ ಸಿಂಕ್ ಕೊಳ್ಳುತ್ತಾರೆ. ನಾನು ಹೇಳುವುದು ಇದಕ್ಕೆ ಪೂರ್ತಿ ತಿರುಗುಮುರುಗು. ಸಿಂಕ್, ಒಲೆ, ಚಿಮಣಿ ಈ ಮೂರನ್ನೂ ಮೊದಲೇ ಗೊತ್ತು ಮಾಡಿಕೊಳ್ಳಿ. ಅವುಗಳ ಅಳತೆ ಬರೆದ ಹಾಳೆ ಕೈಯಲ್ಲಿ ಇಲ್ಲದೆ ಪ್ಲಂಬರ್‌ಗೆ ಗೋಡೆ ಕೊರೆಯಲು ಬಿಡಬೇಡಿ. ಬಣ್ಣ ಹಿಡಿಸದಿದ್ದರೆ ಮುಂದೆ ಬದಲಾಯಿಸಬಹುದು, ಗೋಡೆಯೊಳಗೆ ಹೂತ ಪೈಪನ್ನು ಬದಲಾಯಿಸಬೇಕಾದರೆ ಕಟ್ಟೆಯನ್ನೇ ಒಡೆಯಬೇಕಾಗುತ್ತದೆ.

ಎಲ್ಲಕ್ಕೂ ಮೊದಲು ಕಟ್ಟೆಯ ಎತ್ತರ. ಮೇಸ್ತ್ರಿಯನ್ನು ಕೇಳಿದರೆ ಎಲ್ಲರ ಮನೆಗೂ ಒಂದೇ ಲೆಕ್ಕ ಹೇಳುತ್ತಾರೆ. ಆದರೆ ಎತ್ತರ ಹೊಂದಬೇಕಾದದ್ದು ಆ ಮನೆಯಲ್ಲಿ ಅಡುಗೆ ಮಾಡುವವರ ಮೊಣಕೈಗೆ. ಮನೆಯಲ್ಲಿ ಹಾಕುವ ಚಪ್ಪಲಿ ಹಾಕಿಕೊಂಡು ನೇರವಾಗಿ ನಿಂತು, ಮೊಣಕೈ ಮಡಿಸಿ, ನೆಲದಿಂದ ಮೊಣಕೈವರೆಗೆ ಅಳೆಯಿರಿ. ಅದಕ್ಕಿಂತ 10ರಿಂದ 15 ಸೆಂಟಿಮೀಟರ್ ಕೆಳಗೆ ಕಟ್ಟೆ ಇದ್ದರೆ ತರಕಾರಿ ಹೆಚ್ಚುವಾಗ ಭುಜ ಮೇಲೇಳುವುದಿಲ್ಲ, ಬೆನ್ನೂ ಬಾಗುವುದಿಲ್ಲ.

ನನ್ನ ತಂಗಿಯ ಮಗಳು ಮನೆ ಕಟ್ಟಿಸುವಾಗ ಹೀಗೆಯೇ ಲೆಕ್ಕ ಹಾಕಿದೆವು. ಅವಳ ಎತ್ತರ 157 ಸೆಂಟಿಮೀಟರ್, ಮೊಣಕೈ 98ರಲ್ಲಿ. ಅದರಲ್ಲಿ 12 ಕಳೆದರೆ 86. ಅವಳ ಗಂಡನ ಮೊಣಕೈ 108ರಲ್ಲಿತ್ತು, ಅವರಿಗೆ 96 ಬೇಕು. ಇಬ್ಬರೂ ಅಡುಗೆ ಮಾಡುವವರೇ. “ಮಧ್ಯದಲ್ಲಿ 91 ಇಟ್ಟುಬಿಡೋಣ ದೊಡ್ಡಮ್ಮ” ಎಂದಳು. ಬೇಡ ಎಂದೆ. ಉದ್ದ ಇರುವವರು ದಪ್ಪನೆಯ ಹಲಗೆಯೊಂದನ್ನು ಇಟ್ಟುಕೊಂಡು ಕಟ್ಟೆಯನ್ನು ನಾಲ್ಕೈದು ಸೆಂಟಿಮೀಟರ್ ಎತ್ತರಿಸಿಕೊಳ್ಳಬಹುದು. ಗಿಡ್ಡ ಇರುವವರು ಕಟ್ಟೆಯನ್ನು ತಗ್ಗಿಸಿಕೊಳ್ಳಲಾರರು, ದಿನವೂ ಭುಜ ಎತ್ತಿಯೇ ಕೆಲಸ ಮಾಡಬೇಕು. ಅದಕ್ಕೇ 86 ಎಂದೇ ಇಟ್ಟೆವು.

ಈ 86 ಎಲ್ಲಿಂದ ಎಣಿಸಿದ್ದು ಎಂಬುದು ಅಷ್ಟೇ ಮುಖ್ಯ. ಕಟ್ಟೆ ಹಾಕುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ನೆಲಕ್ಕೆ ಟೈಲ್ಸ್ ಬಿದ್ದಿರುವುದಿಲ್ಲ. ಗಾರೆ ಮತ್ತು ಟೈಲ್ಸ್ ಸೇರಿ ಸುಮಾರು 5 ಸೆಂಟಿಮೀಟರ್ ನೆಲ ಮೇಲೇರುತ್ತದೆ. ನಮ್ಮ ಪಕ್ಕದ ಮನೆಯಲ್ಲಿ ಹಸಿ ನೆಲದಿಂದ ಅಳೆದು ಕಲ್ಲು ಕೂರಿಸಿದರು. ನೆಲ ಮುಗಿದಾಗ ಕಟ್ಟೆ 81ಕ್ಕೆ ಇಳಿದಿತ್ತು, ಆ ಮನೆಯಾಕೆಗೆ ಸೊಂಟನೋವು ಶುರುವಾಯಿತು. ನೆಲ ಕೊನೆಗೆ ಎಲ್ಲಿಗೆ ಬರುತ್ತದೆಯೋ ಅಲ್ಲಿಂದ ಒಂದು ಮೀಟರ್ ಮೇಲೆ, ಅಡುಗೆಮನೆಯ ನಾಲ್ಕೂ ಗೋಡೆಗೆ ಮಟ್ಟದ ಗೆರೆ ಎಳೆಸಿ. ಕಟ್ಟೆ, ನಲ್ಲಿ, ಕೊಳವೆ, ಪ್ಲಗ್ ಎಲ್ಲವನ್ನೂ ಆ ಗೆರೆಯಿಂದಲೇ ಅಳೆಯಲಿ.

ಒಲೆಯ ಜಾಗದ ಲೆಕ್ಕ ಬೇರೆ. ಕಟ್ಟೆಯ ಮೇಲಿಡುವ ಒಲೆ ಹತ್ತು ಸೆಂಟಿಮೀಟರ್ ಎತ್ತರವಿದ್ದು, ಅದರ ಮೇಲೆ ಹದಿನೈದು ಸೆಂಟಿಮೀಟರ್ ಪಾತ್ರೆ ಕೂತರೆ ಪಾತ್ರೆಯ ಬಾಯಿ 111ಕ್ಕೆ ಹೋಗುತ್ತದೆ. 98ರಲ್ಲಿ ಮೊಣಕೈ ಇರುವವಳು ಕೈ ಎತ್ತಿ ಕಲಕಬೇಕು, ಒಳಗೆ ಏನಾಗುತ್ತಿದೆ ಎಂದು ಕಾಣುವುದೂ ಕಷ್ಟ. ಕಲ್ಲಿನೊಳಗೆ ಕೂರುವ ಒಲೆ ತೆಗೆದುಕೊಂಡರೆ ಈ ಹತ್ತರಲ್ಲಿ ಬಹುಪಾಲು ತಗ್ಗುತ್ತದೆ. ಅದು ಬೇಡ ಎನ್ನುವವರು ಒಲೆಯ ಭಾಗದ ಕಲ್ಲನ್ನಷ್ಟೇ 8 ಸೆಂಟಿಮೀಟರ್ ತಗ್ಗಿಸಬಹುದು. ಆದರೆ ತಗ್ಗಿಸಿದ ಕಡೆ ನೀರು ಬಂದು ನಿಲ್ಲುತ್ತದೆ, ಮೂಲೆಯಲ್ಲಿ ಜಿಡ್ಡು ಕೂರುತ್ತದೆ. ನನ್ನನ್ನು ಕೇಳಿದರೆ ಕಟ್ಟೆ ಒಂದೇ ಮಟ್ಟದಲ್ಲಿರಲಿ, ಒಲೆ ಒಳಗೆ ಕೂರಲಿ.

ಕಟ್ಟೆಯ ಅಡಿಯಲ್ಲಿ ಪಾದ ಹೋಗುವಷ್ಟು, ಅಂದರೆ ಹತ್ತು ಸೆಂಟಿಮೀಟರ್ ಎತ್ತರ ಮತ್ತು ಏಳೆಂಟು ಸೆಂಟಿಮೀಟರ್ ಒಳಗೆ, ಜಾಗ ಬಿಡಿಸುವುದನ್ನು ಮರೆಯಬೇಡಿ. ಅದು ಇಲ್ಲದಿದ್ದರೆ ಎಷ್ಟೇ ಸರಿಯಾದ ಎತ್ತರವಿದ್ದರೂ ಮುಂದಕ್ಕೆ ಬಾಗಿಯೇ ನಿಲ್ಲಬೇಕಾಗುತ್ತದೆ.

ಇನ್ನು ಸಿಂಕ್ ಎಲ್ಲಿರಬೇಕು ಎಂಬುದು. ತಂಗಿಯ ಮಗಳ ಅಡುಗೆಮನೆಯಲ್ಲಿ ಹೊರಗೋಡೆಗೆ ಹೊಂದಿಕೊಂಡು 360 ಸೆಂಟಿಮೀಟರ್ ಉದ್ದದ ನೇರ ಕಟ್ಟೆ. ಗುತ್ತಿಗೆದಾರರ ನಕ್ಷೆಯಲ್ಲಿ ಸಿಂಕ್ ಎಡಮೂಲೆಗೆ ಅಂಟಿಕೊಂಡಿತ್ತು, ಅದರ ಪಕ್ಕದಲ್ಲೇ ಒಲೆ, ಬಲಗಡೆ ಉದ್ದಕ್ಕೂ ಖಾಲಿ ಕಲ್ಲು. ಪೈಪು ಉಳಿಯುತ್ತದೆ ಎಂಬುದು ಅವರ ಲೆಕ್ಕ. ಮೂಲೆಯ ಸಿಂಕಿನ ಮುಂದೆ ನಿಂತರೆ ಎಡ ಮೊಣಕೈ ಗೋಡೆಗೆ ತಾಗುತ್ತದೆ, ತೊಳೆದ ಪಾತ್ರೆ ಇಡಲು ಜಾಗವಿಲ್ಲ, ನೀರು ಒಲೆಗೆ ಸಿಡಿಯುತ್ತದೆ. ಅದನ್ನು ಹೀಗೆ ಬದಲಾಯಿಸಿದೆವು: ಎಡಗಡೆಯಿಂದ 90 ಸೆಂಟಿಮೀಟರ್ ತೊಳೆದ ಪಾತ್ರೆಗೆ, ಆಮೇಲೆ 60 ಸಿಂಕಿಗೆ, ಮತ್ತೆ 90 ಹೆಚ್ಚುವ ಕೆಲಸಕ್ಕೆ, 75 ಒಲೆಗೆ, ಬಲಕ್ಕೆ 45 ಬಿಸಿ ಪಾತ್ರೆ ಇಳಿಸಲು. ತೊಳೆದದ್ದನ್ನು ಹೆಚ್ಚಿ, ಹೆಚ್ಚಿದ್ದನ್ನು ಪಕ್ಕದ ಒಲೆಗೆ ಹಾಕಬಹುದು, ಕೈ ಒಂದೇ ದಿಕ್ಕಿನಲ್ಲಿ ಸಾಗುತ್ತದೆ. ಜಾಗ ಇದಕ್ಕಿಂತ ಚಿಕ್ಕದಿದ್ದರೆ ಪಾತ್ರೆ ಇಡುವ ಜಾಗವನ್ನು ಕಡಿಮೆ ಮಾಡಿ, ಸಿಂಕಿಗೂ ಒಲೆಗೂ ನಡುವಿನ ಜಾಗ 60ಕ್ಕಿಂತ ಕೆಳಗೆ ಇಳಿಯದಿರಲಿ.

ಸಿಂಕ್ ಕಿಟಕಿಯ ಕೆಳಗಿದ್ದರೆ ಬೆಳಕು ಚೆನ್ನಾಗಿ ಬೀಳುತ್ತದೆ. ಆದರೆ ಕಿಟಕಿಯ ಬಾಗಿಲು ಒಳಕ್ಕೆ ತೆರೆಯುವಂತಿದ್ದರೆ ಕಲ್ಲಿನ ಮೇಲೆ ನಿಲ್ಲುವ ನಲ್ಲಿಗೆ ಬಡಿಯುತ್ತದೆ. ನಲ್ಲಿಯ ಎತ್ತರ ನೋಡಿಕೊಂಡೇ ಕಿಟಕಿಯ ಚೌಕಟ್ಟು ಕೂರಿಸಬೇಕು, ಇಲ್ಲವೇ ಜಾರುವ ಬಾಗಿಲು ಹಾಕಿಸಬೇಕು.

ಸಿಂಕಿನ ಆಳದ ವಿಷಯದಲ್ಲಿ ತುಸು ನಿಂತು ಯೋಚಿಸಿ. ಆಳವಾದಷ್ಟೂ ಒಳ್ಳೆಯದು ಎಂದು 25 ಸೆಂಟಿಮೀಟರಿನದನ್ನು ತರುತ್ತಾರೆ. ಪಾತ್ರೆ ತೊಳೆಯುವ ಕೈ ಇರುವುದು ಕಟ್ಟೆಯ ಮಟ್ಟದಲ್ಲಲ್ಲ, ಸಿಂಕಿನ ತಳದಲ್ಲಿ. 86ರ ಕಟ್ಟೆಗೆ ಅಂತಹ ಸಿಂಕ್ ಹಾಕಿದರೆ ತಳ 60ರ ಆಸುಪಾಸಿಗೆ ಇಳಿಯುತ್ತದೆ, ಉದ್ದನೆಯವರು ಸೊಂಟ ಮಡಚಿಯೇ ತೊಳೆಯಬೇಕು. 20 ಸೆಂಟಿಮೀಟರ್ ಸಾಕು. ಸಿಂಕಿನ ಅಂಚೂ ಕಟ್ಟೆಯ ಮುಂಭಾಗದಿಂದ ಐದಾರು ಸೆಂಟಿಮೀಟರಿಗಿಂತ ಹಿಂದಕ್ಕೆ ಹೋಗಬಾರದು.

ಈ ಆಳವೇ ಗೋಡೆಯೊಳಗಿನ ಕೊಳಚೆ ಪೈಪಿನ ಎತ್ತರವನ್ನೂ ನಿರ್ಧರಿಸುತ್ತದೆ. ಸಿಂಕ್ ಮೊದಲು ಕೊಳ್ಳಿ ಎಂದದ್ದು ಇದಕ್ಕೇ. ಲೆಕ್ಕ ನೋಡಿ. ಕಟ್ಟೆಯ ಮೇಲ್ಮೈ 86, ಕಲ್ಲಿನ ದಪ್ಪ 2, ಅದರ ಕೆಳಗೆ ಕೂರಿಸಿದ ಸಿಂಕಿನ ಆಳ 20. ತಳ 64ಕ್ಕೆ ಬಂತು. ಅಲ್ಲಿಂದ ಜಾಲರಿಯ ಬಾಯಿ, ಸ್ವಲ್ಪ ನೀರು ಸದಾ ನಿಲ್ಲುವ ಬಾಗಿದ ಕೊಳವೆಯಾದ ಟ್ರ್ಯಾಪ್ ಎಲ್ಲ ಸೇರಿ ಇನ್ನೊಂದು 20 ಸೆಂಟಿಮೀಟರ್ ಕೆಳಗೆ ನೀರು ಗೋಡೆಯತ್ತ ತಿರುಗುತ್ತದೆ, ಅಂದರೆ 44ರಲ್ಲಿ. ಗೋಡೆಯ ತೂತು ಅದಕ್ಕಿಂತ ಕೆಳಗಿರಬೇಕು. ನಾವು 38ಕ್ಕೆ ಇಡಿಸಿದೆವು. ಮುಂದೆ ಯಾರಾದರೂ ಸಿಂಕ್ ಬದಲಾಯಿಸಿದರೂ ಸ್ವಲ್ಪ ಅವಕಾಶ ಉಳಿಯಲಿ ಎಂದು. ಪ್ಲಂಬರ್ ರೂಢಿಯಂತೆ 50ಕ್ಕೆ ಗುರುತು ಹಾಕಿಬಿಟ್ಟಿದ್ದ. ಹಾಗೆಯೇ ಬಿಟ್ಟಿದ್ದರೆ ನೀರು ಮೇಲಕ್ಕೆ ಹತ್ತಿ ಹೋಗಬೇಕಿತ್ತು.

ಕಟ್ಟಿ ಮುಗಿದ ಮನೆಯಲ್ಲಿ ಈ ದೋಷವನ್ನು ಗುರುತಿಸುವುದು ಸುಲಭ. ಸಿಂಕ್ ಯಾವಾಗಲೂ ನಿಧಾನವಾಗಿಯೇ ಖಾಲಿಯಾಗುತ್ತದೆ. ಟ್ರ್ಯಾಪ್ ಬಿಚ್ಚಿ ತೊಳೆದರೂ ಕೆಲವೇ ದಿನಗಳಲ್ಲಿ ಮತ್ತೆ ನಾರುತ್ತದೆ, ಏಕೆಂದರೆ ನಿಂತ ನೀರಿನಲ್ಲಿ ಜಿಡ್ಡು ಮತ್ತೆ ಮತ್ತೆ ಕೂರುತ್ತದೆ. ಎಷ್ಟು ಔಷಧ ಸುರಿದರೂ ಇದು ವಾಸಿಯಾಗುವುದಿಲ್ಲ, ತೂತನ್ನೇ ಇಳಿಸಬೇಕು.

ಗೋಡೆ ದಾಟಿದ ಮೇಲೆ ಪೈಪು 50 ಮಿಲಿಮೀಟರಿನದಿರಲಿ, ಮೀಟರಿಗೆ ಎರಡು ಸೆಂಟಿಮೀಟರಿನಷ್ಟು ಇಳಿಜಾರಿರಲಿ. ತಿರುಗುವ ಕಡೆ ಒಂದೇ ನೇರ ಮೂಲೆಯ ಬದಲು ಎರಡು ಅರೆಮೂಲೆಗಳನ್ನು ಜೋಡಿಸಿ, ಅಲ್ಲೇ ಬಿಚ್ಚಿ ತೆಗೆಯುವ ಮುಚ್ಚಳವೊಂದನ್ನು ಇಡಿಸಿ. ಪೈಪು ಬಹಳ ದೂರ ಹೋಗುವುದಾದರೆ ಅದರೊಳಗೆ ಗಾಳಿ ಬಿಡುವ ಗಾಳಿಕೊಳವೆ ಬೇಕು. ನೀರು ಪೂರ್ತಿ ಇಳಿಯುವ ಕೊನೆಗಳಿಗೆಯಲ್ಲಿ ಸಿಂಕ್ ಗುಳುಗುಳು ಎಂದು ಸದ್ದು ಮಾಡಿ, ಆಮೇಲೆ ಚರಂಡಿಯ ವಾಸನೆ ಬಂದರೆ, ಟ್ರ್ಯಾಪಿನಲ್ಲಿ ನಿಲ್ಲಬೇಕಾದ ನೀರನ್ನೂ ಪೈಪು ಎಳೆದುಕೊಂಡು ಹೋಗುತ್ತಿದೆ ಎಂದು ತಿಳಿಯಿರಿ. ಆ ನೀರೇ ವಾಸನೆಗೆ ಅಡ್ಡವಾಗಿರುವ ಬಾಗಿಲು.

ನಲ್ಲಿಯ ನೀರಿನ ವಾಲ್ವ್‌ಗಳು ಸಿಂಕಿನ ಕೆಳಗೆ ಟ್ರ್ಯಾಪಿನ ಎರಡೂ ಪಕ್ಕದಲ್ಲಿ, ಕೈ ಹಾಕಿ ತಿರುಗಿಸಲು ಬರುವಂತಿರಲಿ. ಟ್ರ್ಯಾಪಿನ ಹಿಂದೆ ಅಡಗಿದ ವಾಲ್ವ್ ನೀರು ಸೋರುವ ರಾತ್ರಿ ಕೈಗೆ ಸಿಗುವುದಿಲ್ಲ. ನೀರು ಶುದ್ಧ ಮಾಡುವ ಯಂತ್ರಕ್ಕೆ, ಪಾತ್ರೆ ತೊಳೆಯುವ ಯಂತ್ರಕ್ಕೆ ಈಗಲೇ ಒಂದೊಂದು ಬಾಯಿ ಬಿಡಿಸಿ ಮುಚ್ಚಳ ಹಾಕಿಸಿಡಿ. ಗಿಲಾವು ಬೀಳುವ ಮೊದಲು ಪೈಪುಗಳಲ್ಲಿ ಒತ್ತಡದ ನೀರು ತುಂಬಿಸಿ ಒಂದು ರಾತ್ರಿ ಬಿಡಬೇಕು. ಬೆಳಿಗ್ಗೆ ಒತ್ತಡದ ಮುಳ್ಳು ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಆಗಲೇ ಅಳತೆ ಟೇಪನ್ನು ಗೋಡೆಗೆ ಹಿಡಿದು ಪೈಪುಗಳ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ ಮೊಳೆ ಹೊಡೆಯುವಾಗ ಬೇಕಾಗುತ್ತದೆ.

ಹೊಗೆಯ ದಾರಿಯನ್ನೂ ಗೋಡೆ ಹಸಿಯಿರುವಾಗಲೇ ಬಿಡಿಸಬೇಕು. ಒಲೆಯ ಮೇಲಿನಿಂದ ಚಿಮಣಿಯ ತಳಕ್ಕೆ 65ರಿಂದ 75 ಸೆಂಟಿಮೀಟರ್ ಅಂತರ ಸಾಮಾನ್ಯ. ನಿಮ್ಮ ಚಿಮಣಿಯ ಜೊತೆ ಬಂದ ಹಾಳೆಯಲ್ಲಿ ಬೇರೆ ಇದ್ದರೆ ಅದನ್ನೇ ಪಾಲಿಸಿ. ಕೊಳವೆ 150 ಮಿಲಿಮೀಟರಿನದಾದರೆ ಗೋಡೆಯಲ್ಲೂ ಅಷ್ಟೇ ದೊಡ್ಡ ತೂತು ಬೇಕು. ತೂತು ಚಿಕ್ಕದಾಯಿತೆಂದು ನಡುವೆ ಕಿರಿದು ಮಾಡಿ ಜೋಡಿಸಿದರೆ ಯಂತ್ರ ಕೂಗುತ್ತದೆಯೇ ಹೊರತು ಹೊಗೆ ಎಳೆಯುವುದಿಲ್ಲ. ತೂತಿನ ಎತ್ತರದಲ್ಲಿ ಕಾಂಕ್ರೀಟ್ ತೊಲೆ ಬರುತ್ತದೆಯೇ ಎಂದು ಮೊದಲೇ ನೋಡಿ, ತೊಲೆಯನ್ನು ಕೊರೆಯಲು ಯಾರಿಗೂ ಬಿಡಬೇಡಿ. ತೂತು ಹೊರಗಡೆಗೆ ತುಸು ಇಳಿಜಾರಾಗಿದ್ದರೆ ಮಳೆನೀರು ಒಳಗೆ ಬರುವುದಿಲ್ಲ. ಕೊಳವೆಗೆ ಎರಡಕ್ಕಿಂತ ಹೆಚ್ಚು ತಿರುವು ಬೇಡ, ಒಳಮೈ ನುಣುಪಾಗಿರಲಿ. ಸುಕ್ಕು ಸುಕ್ಕಾದ ಮೆತ್ತನೆಯ ಕೊಳವೆಯ ಪ್ರತಿ ಮಡಿಕೆಯಲ್ಲೂ ಎಣ್ಣೆ ಕೂರುತ್ತದೆ. ಚಿಮಣಿಯ ಪ್ಲಗ್ ಕೊಳವೆಯ ದಾರಿಯಿಂದ ಪಕ್ಕಕ್ಕೆ, ಉರಿಯ ನೇರಕ್ಕೆ ಬಾರದಂತೆ ಮೇಲಿರಲಿ.

ಎಕ್ಸಾಸ್ಟ್ ಫ್ಯಾನ್ ಹಾಕುವವರು ಒಂದು ವಿಷಯವನ್ನು ಗಮನಿಸುವುದೇ ಇಲ್ಲ. ಫ್ಯಾನಿನ ಪಕ್ಕದಲ್ಲೇ ಕಿಟಕಿ ತೆರೆದಿದ್ದರೆ ಹೊರಗಿನ ಗಾಳಿ ಕಿಟಕಿಯಿಂದ ಬಂದು ನೇರ ಫ್ಯಾನಿಗೆ ಹೋಗುತ್ತದೆ, ಒಲೆಯ ಹೊಗೆ ಅಲ್ಲೇ ಉಳಿಯುತ್ತದೆ. ಫ್ಯಾನ್ ಒಲೆಯ ಹತ್ತಿರ, ಛಾವಣಿಯ ಕೆಳಗೆ ಇರಬೇಕು. ಗಾಳಿ ಒಳಬರುವ ಬಾಗಿಲು ಅಥವಾ ಕಿಟಕಿ ಕೋಣೆಯ ಆ ಕಡೆಯಿರಬೇಕು. ಬಾಗಿಲು ಮುಚ್ಚಿ ಅಡುಗೆ ಮಾಡುವ ರೂಢಿಯಿದ್ದರೆ ಬಾಗಿಲ ಕೆಳಗೆ ಎರಡು ಸೆಂಟಿಮೀಟರ್ ಸಂದು ಬಿಡಿಸಿ, ಒಳಗೆ ಗಾಳಿ ಬಾರದೆ ಹೊರಗೆ ಹೋಗುವುದಿಲ್ಲ. ಫ್ಯಾನ್ ಚಾಲೂ ಮಾಡಿ ಒಂದು ತೆಳ್ಳನೆಯ ಕಾಗದದ ಚೂರನ್ನು ಅದರ ಜಾಲರಿಗೆ ಹಿಡಿದು ಬಿಡಿ. ಕಾಗದ ಅಲ್ಲೇ ಅಂಟಿ ನಿಂತರೆ ಸರಿ. ಜಾರಿ ಬಿದ್ದರೆ ಬಾಗಿಲು ತೆರೆದು ಮತ್ತೊಮ್ಮೆ ಹಿಡಿಯಿರಿ. ಆಗ ನಿಂತರೆ ಕೊರತೆ ಇರುವುದು ಒಳಬರುವ ಗಾಳಿಯದು. ಆಗಲೂ ಬಿದ್ದರೆ ಫ್ಯಾನಿನ ಹಿಂದಿನ ಮುಚ್ಚಳ ತೆರೆಯುತ್ತಿದೆಯೇ, ಜಾಲರಿಯಲ್ಲಿ ಜಿಡ್ಡು ಕಟ್ಟಿದೆಯೇ ಎಂದು ನೋಡಿ.